ಟೆರಾಕೋಟಾ ಜುಮ್ಕಿ ಮಾಡಿ ಮಾರುವವರಿಗೆ: ಮಣ್ಣಿನ ಹದದಿಂದ ಕೊರಿಯರ್ ಡಬ್ಬಿಯವರೆಗೆ

ಟೆರಾಕೋಟಾ ಒಡವೆಯ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಮೂರು. ಮನೆಯ ಓವನ್ನಿನಲ್ಲಿ ಸುಡಬಹುದೇ? ಬೆಲೆ ಎಷ್ಟು ಇಡಬೇಕು? ಮಾರಿದ ಓಲೆ ಕಳಚಿಕೊಂಡು ವಾಪಸ್ ಬಂತು, ಏನು ಮಾಡಲಿ? ಮೂರನೆಯ ಪ್ರಶ್ನೆಯೇ ಇವುಗಳಲ್ಲಿ ಮುಖ್ಯವಾದದ್ದು. ಮೊದಲ ಹತ್ತು ಸೆಟ್ಟನ್ನು ಗೆಳತಿಯರು ಪ್ರೀತಿಯಿಂದ ಕೊಳ್ಳುತ್ತಾರೆ. ಹನ್ನೊಂದನೆಯದು ಮಾರಾಟವಾಗುವುದು ಆ ಹತ್ತೂ ಮುರಿಯದೆ, ಬಣ್ಣ ಬಿಡದೆ ಉಳಿದರೆ ಮಾತ್ರ. ಹಾಗಾಗಿ ಇಲ್ಲಿ ವಿನ್ಯಾಸದ ಬಗ್ಗೆ ಕಡಿಮೆ ಹೇಳಿ, ಒಡವೆ ಎಲ್ಲಿ ಸೋಲುತ್ತದೆ, ಯಾಕೆ ಸೋಲುತ್ತದೆ ಎಂಬುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಉದಾಹರಣೆಗೆ ಒಂದೇ ಸೆಟ್ಟನ್ನು ತೆಗೆದುಕೊಳ್ಳೋಣ: ಒಂದು ಜೊತೆ ಜುಮ್ಕಿ, ದುಂಡನೆಯ ಒಂದು ಪದಕ, ಅದರ ಅಕ್ಕಪಕ್ಕಕ್ಕೆ ಆರು ಮಣ್ಣಿನ ಮಣಿ, ಕಟ್ಟಿಕೊಳ್ಳಲು ಡೋರಿ.

ಮೊದಲು ಕೂಡಿಸಿಕೊಳ್ಳಬೇಕಾದ್ದು

ಹದ ಮಾಡಿದ ಟೆರಾಕೋಟಾ ಮಣ್ಣು 1 ಕೆಜಿ. ಇದರಲ್ಲಿ ಸುಮಾರು 16 ಸೆಟ್ ಆಗುತ್ತದೆ. ಕಲಾಸಾಮಗ್ರಿ ಅಂಗಡಿಗಳಲ್ಲಿ ಪೊಟ್ಟಣದಲ್ಲಿ ಸಿಗುತ್ತದೆ. ಹತ್ತಿರದಲ್ಲಿ ಕುಂಬಾರರಿದ್ದರೆ ಅವರಿಂದಲೇ ತನ್ನಿ. ಬೆಂಗಳೂರಿನವರಿಗೆ ಪಾಟರಿ ಟೌನ್ ಇದೆ. ಬೆಳಗಾವಿ ಕಡೆಯವರಿಗೆ ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೇ ಇದೆ. ಒಂದು ಎಚ್ಚರಿಕೆ: ಅಂಗಡಿಯಲ್ಲಿ ‘ಏರ್ ಡ್ರೈ ಕ್ಲೇ’, ‘ಪಾಲಿಮರ್ ಕ್ಲೇ’ ಎಂದು ಸಿಗುವುದು ಟೆರಾಕೋಟಾ ಅಲ್ಲ. ಅವನ್ನು ಬೆಂಕಿಗೆ ಹಾಕಬಾರದು.

ಉಪಕರಣ ಹೆಚ್ಚು ಬೇಡ. ಲಟ್ಟಣಿಗೆ, ಟೂತ್‌ಪಿಕ್, ದಪ್ಪ ಸೂಜಿ, ಜ್ಯೂಸ್ ಸ್ಟ್ರಾ, ಅರ್ಧಗೋಳದ ಜುಮ್ಕಿ ಅಚ್ಚು, ನಯವಾದ ಉಪ್ಪುಕಾಗದ, ಎರಡು ಚಿಕ್ಕ ಇಕ್ಕಳ ಸಾಕು. ಇದರ ಜೊತೆಗೆ 0.1 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಒಂದು ಬೇಕೇ ಬೇಕು. ಅದು ಯಾಕೆಂದು ಮುಂದೆ ತಿಳಿಯುತ್ತದೆ.

ಹಂತ 1: ಮಣ್ಣು ನಾದುವುದು

ಮಣ್ಣಿನೊಳಗೆ ಗಾಳಿಗುಳ್ಳೆ ಉಳಿದರೆ ಆ ಜಾಗ ಪೊಳ್ಳಾಗಿ ಬಲ ಕಳೆದುಕೊಳ್ಳುತ್ತದೆ. ಚಪಾತಿ ಹಿಟ್ಟಿನ ಹಾಗೆ ಹತ್ತು ನಿಮಿಷ ನಾದಿ, ಉಂಡೆಯನ್ನು ದಾರದಿಂದ ಎರಡಾಗಿ ಕತ್ತರಿಸಿ ನೋಡಿ. ಕತ್ತರಿಸಿದ ಮುಖದಲ್ಲಿ ತೂತು ಕಂಡರೆ ಮತ್ತೆ ನಾದಿ. ಹದ ಗೊತ್ತಾಗಬೇಕಾದರೆ ಬೆರಳುದ್ದದ ಎಳೆ ಹೊಸೆದು ಉಂಗುರದ ಹಾಗೆ ಬಗ್ಗಿಸಿ. ಬಿರುಕು ಬಿಟ್ಟರೆ ಒಣಗಿದೆ, ಒಂದೆರಡು ಹನಿ ನೀರು ಬೇಕು. ಬೆರಳಿಗೆ ಅಂಟಿಕೊಂಡರೆ ನೀರು ಹೆಚ್ಚಾಗಿದೆ. ಆಗ ಹತ್ತಿ ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಹರಡಿಡಿ.

ಸ್ವಲ್ಪ ಮಣ್ಣನ್ನು ಬಟ್ಟಲಲ್ಲಿ ನೀರು ಹಾಕಿ ಮೊಸರಿನ ಹದಕ್ಕೆ ಕಲಸಿಟ್ಟುಕೊಳ್ಳಿ. ಹಸಿ ತುಣುಕುಗಳನ್ನು ಒಂದಕ್ಕೊಂದು ಕೂಡಿಸುವ ಅಂಟು ಇದೇ. ಇದಕ್ಕೆ ‘ಸ್ಲಿಪ್’ ಎನ್ನುತ್ತಾರೆ.

ಹಂತ 2: ರೂಪ ಕೊಡುವುದು

ಜುಮ್ಕಿಯ ಗಂಟೆಯಾಕಾರಕ್ಕೆ 6 ಗ್ರಾಂ ಉಂಡೆ ಸಾಕು. ಅದನ್ನು 3 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಅಚ್ಚಿಗೆ ಚೂರು ಕಾರ್ನ್‌ಫ್ಲೋರ್ ಉದುರಿಸಿ, ಮೇಲೆ ಹೊದಿಸಿ ಒತ್ತಿ. ಅಂಚು ಕತ್ತರಿಸಿ, ನೆತ್ತಿಯಲ್ಲಿ ಟೂತ್‌ಪಿಕ್‌ನಿಂದ 2 ಮಿ.ಮೀ. ತೂತು ಮಾಡಿ. ಒಣಗಿ ಸುಡುವಷ್ಟರಲ್ಲಿ ಮಣ್ಣು ನೂರಕ್ಕೆ ಎಂಟರಿಂದ ಹತ್ತು ಪಾಲು ಕುಗ್ಗುತ್ತದೆ, ತೂತೂ ಕುಗ್ಗುತ್ತದೆ. ಕಂಬಿ ಸಲೀಸಾಗಿ ಹೋಗುವಷ್ಟು ತೂತನ್ನು ಈಗಲೇ ಬಿಡದಿದ್ದರೆ ಸುಟ್ಟ ಮೇಲೆ ಕೊರೆಯಲು ಹೋಗಿ ಜುಮ್ಕಿಯೇ ಎರಡಾಗುತ್ತದೆ. ಸಿದ್ಧ ಜುಮ್ಕಿ 25 ಮಿ.ಮೀ. ಅಗಲ ಬೇಕೆಂದರೆ ಹಸಿಯಲ್ಲಿ 27–28 ಮಿ.ಮೀ. ಇರಲಿ.

ಕಿವಿಗೆ ಅಂಟಿ ಕೂರುವ ಬಿಲ್ಲೆಯನ್ನು 15 ಮಿ.ಮೀ. ಅಗಲ, 3 ಮಿ.ಮೀ. ದಪ್ಪಕ್ಕೆ ಮಾಡಿ. ಅದರ ಕೆಳ ಅಂಚಿನ ಬಳಿ ಜುಮ್ಕಿ ನೇತುಹಾಕಲು ತೂತು. ಪದಕ 45 ಮಿ.ಮೀ. ಅಗಲ, 4 ಮಿ.ಮೀ. ದಪ್ಪ. ಪದಕದ ತೂತಿಗೂ ಅಂಚಿಗೂ ಕನಿಷ್ಠ 4 ಮಿ.ಮೀ. ಅಂತರವಿರಲಿ. ಪದಕ ಮುರಿಯುವುದು ಹೆಚ್ಚಾಗಿ ಈ ತೂತಿನ ಮೇಲಿನ ತೆಳು ಭಾಗದಲ್ಲೇ.

ಅಲಂಕಾರದ ಗುಂಡು, ಎಸಳುಗಳನ್ನು ಸುಮ್ಮನೆ ಒತ್ತಿ ಕೂರಿಸಬೇಡಿ. ಎರಡೂ ಮುಖಕ್ಕೆ ಸೂಜಿಯಿಂದ ಅಡ್ಡಡ್ಡ ಗೀರು ಹಾಕಿ, ಸ್ಲಿಪ್ ಹಚ್ಚಿ, ಆಮೇಲೆ ಒತ್ತಿ. ಗೀರಿಲ್ಲದ ಗುಂಡು ಬೆಂಕಿಯಲ್ಲಿ ಉಳಿದರೂ ಗಿರಾಕಿಯ ಕೈಯಲ್ಲಿ ಉದುರುತ್ತದೆ. ಕೆಲವರು ಹಸಿ ಮಣ್ಣಿನಲ್ಲೇ ಕೊಂಡಿ ಹುದುಗಿಸುತ್ತಾರೆ. ಅದಕ್ಕೆ ಬೆಂಕಿ ತಾಳುವ ನೈಕ್ರೋಮ್ ತಂತಿಯೇ ಆಗಬೇಕು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ತಾಮ್ರ ಕಪ್ಪಾಗಿ ಹೊಪ್ಪಳೆ ಏಳುತ್ತದೆ. ಹೊಸಬರಿಗೆ ತೂತಿನ ದಾರಿಯೇ ಸುಲಭ.

ತೂಕದ ಮೇಲೆ ಕಣ್ಣಿಡಿ. ಮಣಿ, ಕೊಂಡಿ ಎಲ್ಲ ಸೇರಿ ಒಂದು ಕಿವಿಯ ಓಲೆ 10 ಗ್ರಾಂ ದಾಟದಿರಲಿ. ಮದುವೆ ಮನೆಯಲ್ಲಿ ನಾಲ್ಕು ತಾಸು ಹಾಕಿಕೊಂಡು ಕಿವಿ ಜಗ್ಗಿದವರು ಎರಡನೇ ಸಲ ನಿಮ್ಮಲ್ಲಿ ಕೊಳ್ಳುವುದಿಲ್ಲ.

ಹಂತ 3: ನೆರಳಲ್ಲಿ ಒಣಗಿಸುವುದು

ಮೊದಲ ದಿನ ತೆಳು ಬಟ್ಟೆ ಮುಚ್ಚಿ ನೆರಳಲ್ಲಿಡಿ. ಫ್ಯಾನಿನ ಕೆಳಗೆ ಬೇಡ, ಬಿಸಿಲಿಗೂ ಬೇಡ. ಅಂಚು ಬೇಗ ಒಣಗಿ ನಡುಭಾಗ ಹಸಿಯಾಗೇ ಉಳಿದರೆ ಪದಕ ಹಪ್ಪಳದ ಹಾಗೆ ಮೇಲೇಳುತ್ತದೆ. ದಿನಕ್ಕೆರಡು ಸಲ ತಿರುವಿ ಹಾಕಿ. ಚಪ್ಪಲಿಯ ತೊಗಲಿನಷ್ಟು ಗಟ್ಟಿಯಾದಾಗ ಅಂಚನ್ನು ಒದ್ದೆ ಬೆರಳಿನಿಂದ ಸವರಿ ನಯ ಮಾಡಿ. ಪೂರ್ತಿ ಒಣಗಿದ ಮೇಲೆ ಉಪ್ಪುಕಾಗದ. ಆಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಪೂರ್ತಿ ಒಣಗಿದೆ ಎಂದು ಹೇಗೆ ಗೊತ್ತಾಗುತ್ತದೆ? ಕೆನ್ನೆಗೆ ತಾಗಿಸಿ ನೋಡಿ: ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಇದಕ್ಕಿಂತ ಖಚಿತವಾದ ದಾರಿ ತಕ್ಕಡಿ. ಅತಿ ದಪ್ಪದ ತುಣುಕನ್ನು, ಅಂದರೆ ಪದಕವನ್ನು, ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಎರಡು ದಿನ ಸತತವಾಗಿ ತೂಕ ಬದಲಾಗದಿದ್ದರೆ ಒಣಗಿದೆ. ಬೇಸಿಗೆಯಲ್ಲಿ ನಾಲ್ಕೈದು ದಿನ ಸಾಕು. ಮಳೆಗಾಲದಲ್ಲಿ ಹತ್ತು ದಿನವಾದರೂ ತೂಕ ನಿಲ್ಲದೆ ಹೋಗಬಹುದು. ಯಾಕೆಂದರೆ ಸುತ್ತಲಿನ ಗಾಳಿಯೇ ಒದ್ದೆ. ಆಗ ಓವನ್ನಿನಲ್ಲಿ 90 ಡಿಗ್ರಿಯಲ್ಲಿ ಎರಡು ಮೂರು ತಾಸು ಇಡಬಹುದು. ನೂರು ಡಿಗ್ರಿ ದಾಟಿಸಬೇಡಿ. ಒಳಗಿನ ನೀರು ಆವಿಯಾಗಿ ಚಿಟಾರೆಂದು ಸಿಡಿಯುತ್ತದೆ.

ಹಂತ 4: ಸುಡುವುದು

ಮೊದಲ ಪ್ರಶ್ನೆಗೆ ಉತ್ತರ: ಮನೆಯ ಓವನ್ನಿನಲ್ಲಿ ಟೆರಾಕೋಟಾ ಸುಡಲು ಆಗುವುದಿಲ್ಲ. ಓವನ್ 250 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಮಣ್ಣಿನ ಕಣದೊಳಗೆ ರಾಸಾಯನಿಕವಾಗಿ ಬೆಸೆದುಕೊಂಡ ನೀರು ಬಿಟ್ಟುಹೋಗುವುದು ಸುಮಾರು 450ರಿಂದ 600 ಡಿಗ್ರಿಯ ನಡುವೆ. ಅದು ಬಿಟ್ಟುಹೋದ ಮೇಲೆ ಮಾತ್ರ ಮಣ್ಣು ಮತ್ತೆ ಕೆಸರಾಗದ ಟೆರಾಕೋಟಾ ಆಗುತ್ತದೆ. ಒಡವೆಗೆ 700ರಿಂದ 900 ಡಿಗ್ರಿ ಬೇಕು. ಓವನ್ನಿನಲ್ಲಿ ‘ಸುಟ್ಟ’ ಓಲೆ ನೋಡಲು ಗಟ್ಟಿ, ಬಣ್ಣ ಬಳಿದರೆ ಚೆಂದ. ಆದರೆ ಬೆವರಿಗೆ, ಮಳೆಹನಿಗೆ ಕರಗುತ್ತದೆ. ಗ್ಯಾಸ್ ಒಲೆಯ ಉರಿಗೆ ನೇರವಾಗಿ ಹಿಡಿದರೆ ಒಂದು ಕಡೆ ಮಾತ್ರ ಕಾದು ಬಿರಿಯುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಸುಡುವ ಕೆಲಸವನ್ನು ಹೊರಗೆ ಕೊಡಿ. ಕುಂಬಾರರ ಆವಿಗೆಯಲ್ಲಿ ಅವರ ಮಡಕೆಗಳ ಜೊತೆ ಒಂದು ಗಡಿಗೆಯಲ್ಲಿ ಇಟ್ಟು ಕೊಡುತ್ತಾರೆ. ಸೆರಾಮಿಕ್ ಸ್ಟುಡಿಯೋಗಳ ವಿದ್ಯುತ್ ಆವಿಗೆಯಲ್ಲೂ ಜಾಗಕ್ಕೆ ಇಷ್ಟು ಎಂದು ದುಡ್ಡು ತೆಗೆದುಕೊಂಡು ಸುಟ್ಟು ಕೊಡುವವರಿದ್ದಾರೆ. ಅಲ್ಲಿ ‘ಬಿಸ್ಕ್ ಫೈರಿಂಗ್’ ಎಂದು ಕೇಳಿ. ಗಾಜಿನ ಲೇಪವಿಲ್ಲದೆ ಬರೀ ಮಣ್ಣನ್ನು ಸುಡುವುದು ಎಂದರ್ಥ. ನಿಮ್ಮ ಮಣ್ಣು ಎಲ್ಲಿಯದು ಎಂದು ಹೇಳಿ, ಎಷ್ಟು ಡಿಗ್ರಿಗೆ ಸುಡುತ್ತಾರೆ ಎಂದು ಕೇಳಿಕೊಳ್ಳಿ.

ಹಿತ್ತಲು ಅಥವಾ ಹೊಲ ಇರುವವರು ಗಡಿಗೆಯಲ್ಲಿ ಸುಡಬಹುದು. ಒಂದು ಅಗಲ ಬಾಯಿಯ, ಲೇಪವಿಲ್ಲದ ಮಣ್ಣಿನ ಗಡಿಗೆ ತೆಗೆದುಕೊಳ್ಳಿ. ತಳಕ್ಕೆ ಮೂರು ಬೆರಳಿನಷ್ಟು ಭತ್ತದ ಹೊಟ್ಟು, ಅದರ ಮೇಲೆ ಒಂದಕ್ಕೊಂದು ಒತ್ತಿಕೊಳ್ಳದ ಹಾಗೆ ಒಂದು ಸಾಲು ಒಡವೆ, ಮತ್ತೆ ಹೊಟ್ಟು, ಮತ್ತೆ ಒಡವೆ. ಮೇಲೆ ಮಣ್ಣಿನ ಮುಚ್ಚಳ. ಗಡಿಗೆಯನ್ನು ಮೂರು ಇಟ್ಟಿಗೆಯ ಮೇಲೆ ಕೂರಿಸಿ, ಸುತ್ತ ಕೈಯಷ್ಟು ಜಾಗ ಬಿಟ್ಟು ಇಟ್ಟಿಗೆಯ ಗೋಡೆ ಕಟ್ಟಿ, ನಡುವೆ ಗಾಳಿಯಾಡಲು ಸಂದು ಬಿಡಿ.

ಮೊದಲ ಒಂದೂವರೆ ತಾಸು ಸಣ್ಣ ಉರಿ ಮಾತ್ರ. ಕೆಳಗೆ ಒಂದೆರಡು ಬೆರಣಿ ಸಾಕು. ಇಲ್ಲಿ ಅವಸರ ಮಾಡಿದವರ ಗಡಿಗೆಯಿಂದಲೇ ಪಟ್ ಪಟ್ ಎಂಬ ಸದ್ದು ಬರುವುದು. ಒಂದು ತುಣುಕು ಸಿಡಿದರೆ ಅಕ್ಕಪಕ್ಕದ್ದನ್ನೂ ಹಾಳುಮಾಡುತ್ತದೆ. ಆಮೇಲೆ ಸುತ್ತಲೂ ಇದ್ದಿಲು, ಬೆರಣಿ ತುಂಬಿ ಉರಿ ಏರಿಸಿ, ಎರಡು ಮೂರು ತಾಸು ಕೆಂಡ ಆರದಂತೆ ನೋಡಿಕೊಳ್ಳಿ. ಮುಸ್ಸಂಜೆಯಲ್ಲಿ ಸುಟ್ಟರೆ ಒಂದು ಅನುಕೂಲವಿದೆ: ಶಾಖವನ್ನು ಕಣ್ಣಿನಿಂದಲೇ ಅಳೆಯಬಹುದು. ಗಡಿಗೆಯ ಮೈ ಕತ್ತಲಲ್ಲಿ ಮಂಕು ಕೆಂಪಾಗಿ ಕಂಡರೆ 600ರ ಆಸುಪಾಸು. ಇನ್ನೂ ಸ್ಫುಟವಾದ ಕೆಂಪು ಬಂದರೆ 750 ದಾಟಿದೆ. ಆ ಕೆಂಪು ಬಂದ ಮೇಲೆ ಅರ್ಧ ತಾಸಾದರೂ ಹಾಗೇ ಉಳಿಸಿ, ನಂತರ ಬೆಂಕಿಯನ್ನು ತಾನಾಗಿ ಆರಲು ಬಿಡಿ. ಬೆಳಗಿನವರೆಗೆ ಮುಚ್ಚಳ ತೆಗೆಯಬೇಡಿ. ತಣ್ಣನೆಯ ಗಾಳಿ ಒಮ್ಮೆಲೇ ತಾಗಿದರೆ ಕೂದಲೆಳೆಯ ಬಿರುಕು ಬೀಳುತ್ತದೆ. ಆ ಬಿರುಕು ಅವತ್ತು ಕಾಣುವುದಿಲ್ಲ, ಮಾರಿದ ಮೇಲೆ ಕಾಣುತ್ತದೆ.

ಹೊಟ್ಟು ತುಂಬಿ ಮುಚ್ಚಿ ಸುಟ್ಟರೆ ಒಡವೆ ಕಪ್ಪಾಗಿ ಬರುತ್ತದೆ. ಅದು ಕೆಟ್ಟಿದ್ದಲ್ಲ. ಗಾಳಿಯಿಲ್ಲದ ಕಡೆ ಹೊಗೆಯ ಇಂಗಾಲ ಮಣ್ಣಿನೊಳಗೆ ಇಳಿದು, ಮಣ್ಣಿನ ಕಬ್ಬಿಣವೂ ಕಪ್ಪು ತಿರುಗುತ್ತದೆ. ಇಟ್ಟಿಗೆ ಕೆಂಪು ಬೇಕೆಂದರೆ ಒಳಗೆ ಗಾಳಿಯಾಡಬೇಕು: ಹೊಟ್ಟಿನ ಬದಲು ತಳಕ್ಕೆ ಬೂದಿ ಹಾಸಿ, ತೂತಿರುವ ಮುಚ್ಚಳ ಹಾಕಿ. ಅರೆಗಪ್ಪು, ಅರೆಗೆಂಪು ಕಲೆ ಬಂದರೆ ಗಾಳಿ ಸರಿಯಾಗಿ ಸುಳಿದಿಲ್ಲ ಎಂದರ್ಥ. ಬಣ್ಣ ಬಳಿಯುವ ಒಡವೆಗೆ ಆ ಕಲೆಯಿಂದ ತೊಂದರೆಯಿಲ್ಲ.

ಸುರಕ್ಷೆಯ ಮಾತು ಎರಡು. ಬಾಲ್ಕನಿ, ತಾರಸಿ, ಶೆಡ್ಡಿನೊಳಗೆ ಸುಡಬೇಡಿ. ಇದ್ದಿಲಿನ ಹೊಗೆ ಮುಚ್ಚಿದ ಜಾಗದಲ್ಲಿ ಜೀವ ತೆಗೆಯುತ್ತದೆ. ಹತ್ತಿಯ ಬಟ್ಟೆ ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ, ಪಕ್ಕದಲ್ಲಿ ಮರಳಿನ ಬಕೆಟ್ ಇರಲಿ. ಕೆಂಪಗೆ ಕಾದ ಗಡಿಗೆಗೆ ಎಂದೂ ನೀರು ಸುರಿಯಬೇಡಿ.

ಈಗ ಪರೀಕ್ಷೆ. ಪ್ರತಿ ಸಲ ಸುಡುವಾಗ ಎರಡು ಮಣಿ ಹೆಚ್ಚಿಗೆ ಹಾಕಿ. ಒಂದನ್ನು ಲೋಟ ನೀರಲ್ಲಿ ರಾತ್ರಿಯಿಡೀ ಮುಳುಗಿಸಿ. ಬೆಳಿಗ್ಗೆ ಉಗುರಿನಿಂದ ಕೆರೆದಾಗ ಮೆತ್ತಗಾಗಿದ್ದರೆ ಅಥವಾ ಲೋಟದ ತಳದಲ್ಲಿ ಕೆಸರು ಕೂತಿದ್ದರೆ ಇಡೀ ಗಡಿಗೆಯನ್ನು ಮತ್ತೆ ಸುಡಬೇಕು. ಹಾಗೆ ಮತ್ತೆ ಸುಡುವುದರಿಂದ ಒಡವೆಗೆ ಏನೂ ಆಗುವುದಿಲ್ಲ. ನೀರಿನ ಪರೀಕ್ಷೆ ಗೆದ್ದ ಮೇಲೆ ಒಂದೊಂದು ತುಣುಕನ್ನೂ ಉಗುರಿನಿಂದ ತಟ್ಟಿ: ಠಣ್ ಎಂದರೆ ಇಟ್ಟುಕೊಳ್ಳಿ, ಡಬ್ ಎಂದರೆ ಒಳಗೆ ಬಿರುಕಿದೆ, ಪಕ್ಕಕ್ಕಿಡಿ. ಹತ್ತು ಸೆಟ್ಟಿನಲ್ಲಿ ಎರಡು ಹೀಗೆ ಹೋಗುವುದು ಮಾಮೂಲು. ಬೆಲೆ ಹಾಕುವಾಗ ಇದನ್ನು ಮರೆಯಬಾರದು.

ಹಂತ 5: ಬಣ್ಣ

ಸುಟ್ಟ ಮಣ್ಣು ನೀರು ಕುಡಿಯುತ್ತದೆ. ಮೊದಲ ಕೈ ಅಕ್ರಿಲಿಕ್ ಬಣ್ಣವನ್ನು ಸ್ವಲ್ಪ ನೀರು ಸೇರಿಸಿ ತೆಳ್ಳಗೆ ಬಳಿಯಿರಿ, ಎರಡನೆಯದನ್ನು ಗಟ್ಟಿಯಾಗಿ. ಅಂಚಿನ ಚಿನ್ನದ ಬಣ್ಣ ಕೊನೆಗೆ. ಒಂದು ದಿನ ಪೂರ್ತಿ ಒಣಗಿಸಿ, ನಂತರ ವಾರ್ನಿಶ್ ಎರಡು ತೆಳು ಕೈ. ಬಣ್ಣ ಒಣಗುವ ಮುಂಚೆ ವಾರ್ನಿಶ್ ಹಚ್ಚಿದರೆ ಒಳಗಿನ ತೇವ ಸಿಕ್ಕಿಕೊಂಡು ಬೆಳ್ಳಗೆ ಮಂಜು ಕಟ್ಟುತ್ತದೆ. ಮಳೆ ಸುರಿಯುವ ದಿನ ಹಚ್ಚಿದರೂ ಹಾಗೇ ಆಗಬಹುದು. ಮೈಗೆ ತಾಗುವ ಹಿಂಬದಿಗೂ ವಾರ್ನಿಶ್ ಬೇಕು, ಬೆವರು ಒಳಗಿಳಿಯುವುದು ಅಲ್ಲಿಂದಲೇ.

ಹಿಂಬದಿಯಲ್ಲಿ ಒಂದು ಜಾಗ ಮಾತ್ರ ಬಿಡಬೇಕು. ಕಿವಿಯ ಕಡ್ಡಿ ಅಂಟಿಸುವ ಕಡೆ ಅದರ ತಟ್ಟೆಯಗಲದಷ್ಟು ಮಣ್ಣು ಬರಿದಾಗಿರಲಿ: ಬಣ್ಣವೂ ಬೇಡ, ವಾರ್ನಿಶ್ಶೂ ಬೇಡ.

ಹಂತ 6: ಜೋಡಣೆ

ವಾಪಸ್ ಬರುವ ಓಲೆಗಳಲ್ಲಿ ಹೆಚ್ಚಿನವುಗಳ ದೂರು ‘ಕಡ್ಡಿ ಕಿತ್ತು ಬಂತು’ ಎಂಬುದೇ. ಅಂಟಿಗೆ ಬಯ್ಯುವ ಮೊದಲು ಕಿತ್ತು ಬಂದ ಕಡ್ಡಿಯ ತಳ ನೋಡಿ. ಅದಕ್ಕೆ ಬಣ್ಣದ ಪದರ ಅಂಟಿಕೊಂಡಿದ್ದರೆ ಅಂಟು ಗಟ್ಟಿಯಾಗೇ ಇತ್ತು, ಬಿಟ್ಟಿದ್ದು ಮಣ್ಣಿನಿಂದ ಬಣ್ಣ. ಬರಿದು ಜಾಗ ಬಿಡಿ ಎಂದಿದ್ದು ಇದಕ್ಕೇ.

ಕಡ್ಡಿಯ ತಟ್ಟೆ 6ರಿಂದ 8 ಮಿ.ಮೀ. ಅಗಲ ಇರಲಿ, ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಅಗ್ಗದ ಕಡ್ಡಿಗಳ ನಿಕ್ಕಲ್‌ನಿಂದ ಹಲವರಿಗೆ ಕಿವಿ ತುರಿಸಿ ಕೀವಾಗುತ್ತದೆ. ತಟ್ಟೆಯನ್ನೂ ಮಣ್ಣನ್ನೂ ಉಪ್ಪುಕಾಗದದಿಂದ ಸ್ವಲ್ಪ ಉಜ್ಜಿ ಒರಟು ಮಾಡಿ, ಎರಡು ಟ್ಯೂಬಿನ ಎಪಾಕ್ಸಿ ಅಂಟನ್ನು ಸಮ ಅಳತೆಯಲ್ಲಿ ಕಲಸಿ ಹಚ್ಚಿ. ಅಳತೆ ಹೆಚ್ಚುಕಡಿಮೆಯಾದರೆ ಅದು ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ. ಒಂದು ದಿನ ಮುಟ್ಟಬೇಡಿ. ತಕ್ಷಣ ಹಿಡಿಯುವ ಅಂಟು ಬೇಡ. ಅದು ಒಣಗಿ ಪೆಡಸಾಗಿ, ಓಲೆ ಬಿದ್ದ ಏಟಿಗೆ ಬಿಟ್ಟುಕೊಳ್ಳುತ್ತದೆ.

ಜುಮ್ಕಿಗೆ ತಲೆ ಇರುವ ಪಿನ್ನಿಗೆ ಮಣಿ ಪೋಣಿಸಿ, ಒಳಗಿನಿಂದ ನೆತ್ತಿಯ ತೂತಿಗೆ ತೂರಿಸಿ, ಮೇಲೆ ಕುಣಿಕೆ ಸುತ್ತಿ. ಬಿಲ್ಲೆಗೂ ಜುಮ್ಕಿಗೂ ನಡುವೆ ಬರುವ ಚಿಕ್ಕ ಉಂಗುರಕ್ಕೆ ‘ಜಂಪ್ ರಿಂಗ್’ ಎನ್ನುತ್ತಾರೆ. ಅದನ್ನು ತೆರೆಯುವಾಗ ಬಾಯಿ ಅಗಲಿಸಬೇಡಿ. ಎರಡು ಇಕ್ಕಳದಲ್ಲಿ ಹಿಡಿದು ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಚಿ, ಮುಚ್ಚುವಾಗಲೂ ಹಾಗೇ. ಮುಚ್ಚಿದ ಮೇಲೆ ಹೊಲಿಗೆ ದಾರವನ್ನು ಸಂದಿನಲ್ಲಿ ಎಳೆದು ನೋಡಿ. ದಾರ ಹೊರಗೆ ಬಂದರೆ ಒಂದು ದಿನ ಜುಮ್ಕಿಯೂ ಬರುತ್ತದೆ.

ಹಂತ 7: ಬೆಲೆ

ಹೆಚ್ಚಿನವರು ಬೆಲೆ ಹಾಕುವ ರೀತಿ ಹೀಗೆ: ಮಣ್ಣು ಆರು ರೂಪಾಯಿ, ಮಣಿ ಹದಿನೈದು, ಡೋರಿ ಇಪ್ಪತ್ತು, ಒಟ್ಟು ನೂರರೊಳಗೆ ಬಂತು, ಇನ್ನೂರೈವತ್ತಕ್ಕೆ ಕೊಟ್ಟರೆ ನೂರೈವತ್ತು ಲಾಭ. ಇದರಲ್ಲಿ ನಿಮ್ಮ ಕೈಕೆಲಸಕ್ಕೆ ಕೂಲಿ ಇಲ್ಲ, ಒಡೆದದ್ದರ ಲೆಕ್ಕವೂ ಇಲ್ಲ. ಹತ್ತು ಸೆಟ್ ಒಟ್ಟಿಗೆ ಮಾಡಿದ ಲೆಕ್ಕ ನೋಡಿ. ದರಗಳು ಉದಾಹರಣೆಗೆ, ನಿಮ್ಮೂರಿನ ದರ ಹಾಕಿಕೊಳ್ಳಿ.

ಹತ್ತು ಸೆಟ್ಟಿಗೂ ಮಣ್ಣು ಮತ್ತು ಸುಡುವ ಖರ್ಚು ತಲಾ 18ರಂತೆ 180 ರೂಪಾಯಿ. ಸುಟ್ಟ ಮೇಲೆ ಉಳಿದದ್ದು 8 ಸೆಟ್. ಆ ಎಂಟಕ್ಕೆ ಬಣ್ಣ ವಾರ್ನಿಶ್ 12, ಕೊಂಡಿಗಳು 10, ಮಣಿ 14, ಡೋರಿ 20, ಡಬ್ಬಿ ಮತ್ತು ಕಾರ್ಡು 16, ಅಂದರೆ ತಲಾ 72ರಂತೆ 576. ಇಡೀ ಕೆಲಸಕ್ಕೆ 15 ತಾಸು. ತಾಸಿಗೆ 80ರಂತೆ ಕೂಲಿ 1,200. ಒಟ್ಟು 1,956 ರೂಪಾಯಿ. ಎಂಟರಿಂದ ಭಾಗಿಸಿದರೆ ಒಂದು ಸೆಟ್ಟಿನ ಅಸಲು ಸುಮಾರು 245. ಅಂದರೆ 250ಕ್ಕೆ ಮಾರಿದವರ ಕೈಯಲ್ಲಿ ಕೂಲಿ ಬಿಟ್ಟು ಐದು ರೂಪಾಯಿ ಉಳಿಯಿತು.

ಇದೇ ಸೆಟ್ಟಿಗೆ 400 ಇಡಿ. ಉಳಿಯುವ 155 ರೂಪಾಯಿಯಲ್ಲಿ ಗೆಳತಿಯ ಕಮಿಷನ್, ಮಳಿಗೆ ಬಾಡಿಗೆ, ಹಾಳಾದದ್ದಕ್ಕೆ ಬದಲಿ ಎಲ್ಲವೂ ಹುಟ್ಟಬೇಕು. ಮೂರೂ ಕಡೆ ಒಂದೇ ಬೆಲೆ ಇರಲಿ. ಗೆಳತಿಗೆ 300, ಪ್ರದರ್ಶನದಲ್ಲಿ 400, ಇನ್‌ಸ್ಟಾಗ್ರಾಂನಲ್ಲಿ 450 ಎಂದಿಟ್ಟರೆ ಅವರೆಲ್ಲ ಒಂದೇ ಊರಿನವರು, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

ಹಂತ 8: ಗೆಳತಿಯರ ಮೂಲಕ

ಆಫೀಸಿಗೆ ಹೋಗುವ ಗೆಳತಿಗೆ ಹತ್ತಾರು ಸೆಟ್ ಕೊಟ್ಟು ಮರೆಯಬೇಡಿ. ಐದು ಸೆಟ್, ಹದಿನೈದು ದಿನ, ಮಾರಿದ್ದಕ್ಕೆ ನೂರಕ್ಕೆ ಹದಿನೈದು ಎಂದು ಮೊದಲೇ ಮಾತಾಡಿ. ಪ್ರತಿ ಸೆಟ್ಟಿಗೂ ಒಂದು ಸಂಖ್ಯೆ ಕೊಟ್ಟು, ಫೋಟೋ ಮತ್ತು ಬೆಲೆಯನ್ನು ಅವರ ವಾಟ್ಸಾಪ್‌ಗೇ ಕಳಿಸಿ. ಸ್ನೇಹ ಕೆಡುವುದು ದುಡ್ಡಿನಿಂದಲ್ಲ, ಎಷ್ಟು ಕೊಟ್ಟಿದ್ದೆ ಎಂಬ ಗೊಂದಲದಿಂದ.

‘ಈ ಸೀರೆಗೆ ಹೊಂದುವ ಹಾಗೆ ಮಾಡಿಕೊಡು’ ಎಂಬ ಆರ್ಡರು ಬಂದರೆ ಅರ್ಧ ಮುಂಗಡ ತೆಗೆದುಕೊಳ್ಳಿ. ಸೀರೆಯ ಫೋಟೋ ನಂಬಬೇಡಿ. ಟ್ಯೂಬ್‌ಲೈಟಿನಲ್ಲಿ ತೆಗೆದ ನವಿಲುನೀಲಿ ಫೋನಿನಲ್ಲಿ ಹಸಿರಾಗಿರುತ್ತದೆ. ರವಿಕೆ ಹೊಲಿದು ಉಳಿದ ಚೂರು ತರಿಸಿಕೊಳ್ಳಿ. ಆಗದಿದ್ದರೆ ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಬಿಳಿ ಹಾಳೆ ಇಟ್ಟು ತೆಗೆದ ಫೋಟೋ ಕೇಳಿ.

ಇಲ್ಲೇ ಒಂದು ಮುಖ್ಯ ಮಾತು. ಬೇಡಿಕೆ ಏರುವುದು ವರಮಹಾಲಕ್ಷ್ಮಿ, ಗೌರಿ ಹಬ್ಬಕ್ಕೆ. ಅದು ಬರುವುದು ನಮ್ಮ ಮಳೆಗಾಲದಲ್ಲಿ, ಅಂದರೆ ಮಣ್ಣು ಒಣಗದ, ಹೊರಗೆ ಸುಡಲಾಗದ ತಿಂಗಳುಗಳಲ್ಲಿ. ಏಪ್ರಿಲ್, ಮೇ ತಿಂಗಳಲ್ಲೇ ಪದಕ, ಜುಮ್ಕಿ, ಮಣಿಗಳನ್ನು ಸುಟ್ಟು, ಬಣ್ಣ ಹಚ್ಚದೆ ಡಬ್ಬಿಯಲ್ಲಿ ಕೂಡಿಟ್ಟುಕೊಳ್ಳಿ. ಆಷಾಢದಲ್ಲಿ ಸೀರೆ ಚೂರು ಬಂದಾಗ ಬಣ್ಣ ಮತ್ತು ಜೋಡಣೆ ಮಾತ್ರ ಉಳಿದಿರುತ್ತದೆ. ನಾಲ್ಕು ದಿನದಲ್ಲಿ ಕೊಡಬಹುದು.

ಹಂತ 9: ಪ್ರದರ್ಶನ

ಮಳಿಗೆ ಕಾಯ್ದಿರಿಸುವ ಮೊದಲು ಹೀಗೆ ಲೆಕ್ಕ ಹಾಕಿ. ಅಪಾರ್ಟ್‌ಮೆಂಟಿನ ಹಬ್ಬದ ಮೇಳದಲ್ಲಿ ಮೇಜಿಗೆ ದಿನದ ಬಾಡಿಗೆ 1,500, ಆಟೋ ಮತ್ತು ಊಟ 600 ಎಂದುಕೊಳ್ಳಿ. ಒಟ್ಟು 2,100. ಸೆಟ್ಟಿಗೆ 155 ಉಳಿಯುವುದರಿಂದ 14 ಸೆಟ್ ಮಾರಿದರೆ ಖರ್ಚು ಹುಟ್ಟಿತು. ದಿನವಿಡೀ ನಿಂತ ಕೂಲಿ ಇನ್ನೂ ಬಂದಿಲ್ಲ. ಎಷ್ಟು ಮನೆಗಳಿವೆ, ಕಳೆದ ಸಲ ಎಷ್ಟು ಒಡವೆ ಮಳಿಗೆ ಇದ್ದವು ಎಂದು ಆಯೋಜಕರನ್ನು ಕೇಳಿ. ಐದು ಒಡವೆ ಮಳಿಗೆಯ ನಡುವೆ ಆರನೆಯವರಾಗಬೇಡಿ.

ಎರಡು ಕನ್ನಡಿ ಇಡಿ, ಒಂದು ಸಾಲದು. ಪ್ರತಿ ತುಣುಕಿಗೂ ಬೆಲೆ ಚೀಟಿ ಇರಲಿ, ಬೆಲೆ ಕೇಳಲು ಸಂಕೋಚಪಟ್ಟು ಮುಂದೆ ಹೋಗುವವರು ಬಹಳ. ಹಳದಿ ದೀಪದಡಿ ನೀಲಿ, ನೇರಳೆ ಮಂಕಾಗುತ್ತವೆ, ಬಿಳಿ ಬೆಳಕಿನ ದೀಪ ನೀವೇ ಒಯ್ಯಿರಿ. ಸೆಟ್ಟುಗಳ ಜೊತೆಗೆ 100–150 ರೂಪಾಯಿಯ ಚಿಕ್ಕ ಬಿಲ್ಲೆ ಓಲೆಗಳನ್ನು ಮುಂದಿನ ಸಾಲಿನಲ್ಲಿಡಿ. ಸೆಟ್ ಕೊಳ್ಳಲು ಹಿಂದೆಮುಂದೆ ನೋಡುವವರು ಅದನ್ನು ಕೊಂಡು, ನಿಮ್ಮ ಫೋನ್ ನಂಬರಿರುವ ಕಾರ್ಡನ್ನು ಮನೆಗೆ ಒಯ್ಯುತ್ತಾರೆ.

ಹಂತ 10: ಇನ್‌ಸ್ಟಾಗ್ರಾಂ, ವಾಟ್ಸಾಪ್, ಕೊರಿಯರ್

ಫೋಟೋಗೆ ಬೆಳಗಿನ ಕಿಟಕಿಯ ನೆರಳು ಬೆಳಕು ಸಾಕು. ಮೂರು ಚಿತ್ರ ಬೇಕು: ಮುಂಬದಿ, ಹಿಂಬದಿಯ ಕಡ್ಡಿ, ಕಿವಿಯಲ್ಲಿ ಹಾಕಿಕೊಂಡದ್ದು. ಮೂರನೆಯದಿಲ್ಲದಿದ್ದರೆ ‘ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ’ ಎಂಬ ದೂರು ಖಂಡಿತ. ಕೆಳಗೆ ಉದ್ದ, ಒಂದು ಓಲೆಯ ತೂಕ, ಬೆಲೆ ಬರೆಯಿರಿ. ಬೆಲೆಗೆ ಮೆಸೇಜ್ ಮಾಡಿ ಎಂದು ಬರೆದರೆ ಅರ್ಧ ಜನ ಮೆಸೇಜ್ ಮಾಡುವುದೇ ಇಲ್ಲ.

ದುಡ್ಡು ಬಂದಿದೆಯೇ ಎಂದು ನಿಮ್ಮ ಬ್ಯಾಂಕ್ ಖಾತೆಯಲ್ಲಿ ನೋಡಿ, ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಅಲ್ಲ. ದುಡ್ಡು ಪಡೆಯಲು ಕ್ಯುಆರ್ ಸ್ಕ್ಯಾನ್ ಮಾಡುವುದಾಗಲಿ ಪಿನ್ ಒತ್ತುವುದಾಗಲಿ ಎಂದೂ ಬೇಕಾಗುವುದಿಲ್ಲ. ಹಾಗೆ ಹೇಳುವವರು ಗಿರಾಕಿಗಳಲ್ಲ. ಒಡವೆಯ ಯುಪಿಐಗೆ ಬೇರೆಯದೇ ಖಾತೆ ಇಟ್ಟುಕೊಳ್ಳಿ. 2025ರಲ್ಲಿ ಕರ್ನಾಟಕದ ಅನೇಕ ಚಿಕ್ಕ ವ್ಯಾಪಾರಿಗಳಿಗೆ ಯುಪಿಐ ಜಮೆಯ ಲೆಕ್ಕ ನೋಡಿಯೇ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದಿತ್ತು. ಮನೆ ಬಾಡಿಗೆ, ಚೀಟಿ ದುಡ್ಡು, ವ್ಯಾಪಾರ ಎಲ್ಲ ಕಲಸಿಹೋದರೆ ವಿವರಿಸುವುದು ಕಷ್ಟ. ರಾಜ್ಯದೊಳಗೆ ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ಚೆನ್ನೈಗೋ ಪುಣೆಗೋ ಕಳಿಸುವಾಗ ನಿಯಮ ಬೇರೆ. ಕರಕುಶಲ ವಸ್ತುಗಳಿಗೆ ಅದರಲ್ಲಿ ಷರತ್ತಿನ ಮೇಲೆ ವಿನಾಯಿತಿ ಇದೆ. ಹೊರರಾಜ್ಯದ ಆರ್ಡರು ತೆಗೆದುಕೊಳ್ಳುವ ಮುಂಚೆ ಲೆಕ್ಕ ನೋಡುವವರೊಬ್ಬರನ್ನು ಒಮ್ಮೆ ಕೇಳಿ.

ಪ್ಯಾಕಿಂಗ್: ಓಲೆಯನ್ನು ದಪ್ಪ ಕಾರ್ಡಿಗೆ ಚುಚ್ಚಿ, ಜುಮ್ಕಿಯ ಒಳಗೆ ಟಿಶ್ಯೂ ತುಂಬಿ, ಎರಡು ಜುಮ್ಕಿ ಒಂದಕ್ಕೊಂದು ತಾಗದ ಹಾಗೆ ನಡುವೆ ಮಡಿಕೆ ಇಡಿ. ಪದಕಕ್ಕೆ ಬೇರೆ ಸುತ್ತು. ಒಳ ಡಬ್ಬಿಯನ್ನು ಹೊರ ಡಬ್ಬಿಯೊಳಗಿಟ್ಟು ಸುತ್ತಲೂ ಕಾಗದ ತುರುಕಿ, ಕಿವಿಯ ಬಳಿ ಹಿಡಿದು ಅಲ್ಲಾಡಿಸಿ. ಸದ್ದು ಕೇಳಿದರೆ ಬಿಚ್ಚಿ ಮತ್ತೆ ತುಂಬಿ. ಒಳಗೆ ಒಂದು ಚೀಟಿ ಇರಲಿ: ಸ್ನಾನಕ್ಕೆ ಮುಂಚೆ ತೆಗೆಯಿರಿ, ಸೆಂಟು ಹೊಡೆದುಕೊಂಡ ಮೇಲೆ ಹಾಕಿಕೊಳ್ಳಿ, ಒಣ ಬಟ್ಟೆಯಲ್ಲಿ ಒರೆಸಿ.

ಡಬ್ಬಿ ಬಿಚ್ಚುವಾಗಿನ ವಿಡಿಯೋ ಇದ್ದರೆ, ಎರಡು ದಿನದೊಳಗೆ ತಿಳಿಸಿದರೆ ಬದಲಿ ಕೊಡುತ್ತೇವೆ ಎಂಬ ಮಾತನ್ನು ದುಡ್ಡು ತೆಗೆದುಕೊಳ್ಳುವ ಮುಂಚೆಯೇ ಬರೆದು ಕಳಿಸಿ. ವಾಪಸ್ ಬಂದ ತುಣುಕನ್ನು ಎಸೆಯಬೇಡಿ. ಮುರಿದ ಜಾಗ ನೋಡಿ: ಒಳಗಿನ ಬಣ್ಣ ಅಂಚಿನಿಂದ ನಡುವಿನವರೆಗೆ ಒಂದೇ ಆಗಿ, ಮುರಿದ ಗೆರೆ ಚೂಪಾಗಿದ್ದರೆ ಬಿದ್ದು ಒಡೆದದ್ದು. ಉಗುರಿಗೆ ಪುಡಿಪುಡಿ ಉದುರಿದರೆ ಶಾಖ ಸಾಲದ್ದು. ಹಾಗಾದರೆ ಅದೇ ಗಡಿಗೆಯಲ್ಲಿ ಸುಟ್ಟ ಉಳಿದ ಸೆಟ್ಟುಗಳನ್ನೂ ಮಾರಾಟದಿಂದ ತೆಗೆದು, ಇನ್ನೊಂದು ಮಣಿಯನ್ನು ಅವತ್ತು ರಾತ್ರಿಯೇ ನೀರಿಗೆ ಹಾಕಿ.